ತಲೆಯ ಗಾಯಕ್ಕೆ 'ಕಡಿದ ಗಾಯ' ಎಂದು ಬರೆಯುವ ಮುನ್ನ

"ಡಾಕ್ಟ್ರೇ, ಕತ್ತಿಯಲ್ಲಿ ಕಡಿದದ್ದು ಅಂತ ಬರೀರಿ." ಗಾಯಾಳುವಿನ ಹೆಂಡತಿ ಇದನ್ನೇ ಮೂರು ಸಲ ಹೇಳಿದರು. ಕಳೆದ ಮಳೆಗಾಲದ ಒಂದು ಸಂಜೆ, ಗಂಟೆ 7:40. ಉತ್ತರ ಕನ್ನಡದ ಕರಾವಳಿಯ ತಾಲೂಕು ಆಸ್ಪತ್ರೆಯೊಂದರಲ್ಲಿ ನಾನು ಡ್ಯೂಟಿಯಲ್ಲಿದ್ದೆ, ಪೊಲೀಸರಿಗೂ ಕೋರ್ಟಿಗೂ ಬೇಕಾಗುವ ಗಾಯದ ಪ್ರಮಾಣಪತ್ರ ಬರೆಯಬೇಕಿತ್ತು. ಗಾಯಾಳು ಕುಮಟಾ ಕಡೆಯ ಹಳ್ಳಿಯವರು, ಐವತ್ತರ ಆಸುಪಾಸಿನ ಗಂಡಸು. ತೋಟದ ಬೇಲಿಯ ವಿಷಯಕ್ಕೆ ಪಕ್ಕದವರ ಜೊತೆ ಜಗಳವಾಗಿ ಎರಡು ಗಂಟೆಯಾಗಿತ್ತು. (ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ತಲೆಯ ಎಡಭಾಗದಲ್ಲಿ ಉದ್ದಕ್ಕೆ ಸೀಳಿದ ಗಾಯ. ಅಂಚು ನೇರವಾಗಿತ್ತು. ದೂರದಿಂದ ನೋಡಿದರೆ ಯಾರೂ ಕತ್ತಿಯ ಗಾಯ ಅಂತಲೇ ಹೇಳುತ್ತಾರೆ. ಆದರೆ ತಲೆಯಲ್ಲಿ ಇದೇ ಮೋಸ. ಚರ್ಮದ ಕೆಳಗೇ ಗಟ್ಟಿ ಎಲುಬು ಇರುವ ಜಾಗದಲ್ಲಿ ದೊಣ್ಣೆಯ ಏಟು ಬಿದ್ದರೆ, ಚರ್ಮ ಎಲುಬಿಗೂ ದೊಣ್ಣೆಗೂ ನಡುವೆ ಸಿಕ್ಕಿ ನೇರವಾಗಿ ಒಡೆಯುತ್ತದೆ. ಹುಬ್ಬು, ಕೆನ್ನೆಯ ಎಲುಬು, ಮೊಣಕಾಲ ಕೆಳಗಿನ ಮುಂಭಾಗ, ಇಲ್ಲೆಲ್ಲ ಹೀಗೇ ಆಗುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದ್ದೇ ಒಂದು ಗಾಯಕ್ಕೆ ನಾನು "ತಲೆಯ ಮೇಲೆ ಕಡಿದ ಗಾಯ, ಎರಡು ಇಂಚು, ತಾಜಾ" ಎಂದಷ್ಟೇ ಬರೆದಿದ್ದೆ. ನಾಲ್ಕು ವರ್ಷದ ನಂತರ ಸಾಕ್ಷಿ ಹೇಳಲು ಹೋದಾಗ ಎದುರು ವಕೀಲರು ಕೇಳಿದರು: ತಲೆಯ ಯಾವ ಕಡೆ? ಅಂಚು ಹೇಗಿತ್ತು? ತಾಜಾ ಎಂದರೆ ಎಷ್ಟು ಹೊತ್ತು? ಒಂದಕ್ಕೂ ಉತ್ತರ ನನ್ನ ಹಾಳೆಯಲ್ಲಿರಲಿಲ್ಲ. ಗಾಯದ ಮುಖ ನೆನಪಲ್ಲೂ ಉಳಿದಿರಲಿಲ್ಲ. ಪೆಟ್ಟು ತಿಂದವರಿಗೆ ಅದರಿಂದ ಅನ್ಯಾಯವಾಯಿತು. ಅಂದಿನಿಂದ ನಾನು ಬರೆಯುವ ರೀತಿಯನ್ನೇ ಬದಲಿಸಿದೆ.

ಹಾಗಾಗಿ ಆ ಸಂಜೆ ರಕ್ತಸ್ರಾವ ಒತ್ತಿ ಹಿಡಿದು ನಿಲ್ಲಿಸಿ, ಬಿಪಿ ಸರಿಯಿದೆ, ಮಾತು ನೆಟ್ಟಗಿದೆ ಎಂದು ಖಾತ್ರಿಯಾದ ಮೇಲೆ, ಹೊಲಿಗೆ ಹಾಕುವ ಮೊದಲು ಹತ್ತು ನಿಮಿಷ ಗಾಯವನ್ನೇ ನೋಡಿದೆ. ಹೊಲಿದ ಮೇಲೆ ಅಂಚಿನ ಬಗ್ಗೆ ಯಾರೂ ಏನೂ ಹೇಳಲಾಗದು. ಬೇರೆ ಕಡೆ ಹೊಲಿಸಿಕೊಂಡು ಬಂದವರಿಗೆ "ಹೊಲಿದ ಗಾಯ, ಇಷ್ಟು ಉದ್ದ, ಇಷ್ಟು ಹೊಲಿಗೆ" ಎಂದು ಬರೆದು ಸುಮ್ಮನಾಗುತ್ತೇನೆ.

ಕೂದಲು ಬೋಳಿಸುವ ಮೊದಲು ಭೂತಗನ್ನಡಿ ಹಿಡಿದೆ. ಕತ್ತಿ ತಾಗಿದ್ದರೆ ಅಂಚಿನ ಕೂದಲು ನೀಟಾಗಿ ತುಂಡಾಗಿರಬೇಕು. ಇಲ್ಲಿ ತುಂಡಾಗಿರಲಿಲ್ಲ, ಜಜ್ಜಿ ಒಳಗೆ ಸೇರಿಕೊಂಡಿತ್ತು. ಆಮೇಲೆ ಸುತ್ತಲಿನ ಕೂದಲು ತೆಗೆಸಿ, ಉಪ್ಪುನೀರಲ್ಲಿ ತೊಳೆದು, ಅಂಚನ್ನು ಎರಡು ಕಡೆ ಮೆಲ್ಲಗೆ ಬಿಡಿಸಿದೆ. ತಳದಲ್ಲಿ ಸಣ್ಣ ಸಣ್ಣ ಎಳೆಗಳು ಈ ಕಡೆಯಿಂದ ಆ ಕಡೆಗೆ ಸೇತುವೆಯ ಹಾಗೆ ಹಾಯ್ದಿದ್ದವು. ನರ, ರಕ್ತನಾಳ, ನಾರು ಇವು. ಹರಿತವಾದ ಆಯುಧ ಇವನ್ನು ಉಳಿಸುವುದಿಲ್ಲ, ಎಲ್ಲವನ್ನೂ ಒಟ್ಟಿಗೆ ಕೊಯ್ಯುತ್ತದೆ. ಅಂಚಿನ ಚರ್ಮವೂ ಎರಡು ಮೂರು ಮಿಲಿಮೀಟರ್ ತರಚಿ ಕಂದಿತ್ತು. ಅಲ್ಲಿಗೆ ನನಗೆ ಸಂಶಯ ಉಳಿಯಲಿಲ್ಲ. ಇದು ಲ್ಯಾಸರೇಟೆಡ್ ವೂಂಡ್, ಒಡೆದ ಗಾಯ. ಇನ್ಸೈಸ್ಡ್, ಅಂದರೆ ಕಡಿದ ಗಾಯ ಅಲ್ಲ.

ಅಳತೆಗೆ ಸ್ಟೀಲ್ ಸ್ಕೇಲ್ ಬಳಸುತ್ತೇನೆ. ಕಣ್ಣಂದಾಜು ಬೇಡವೇ ಬೇಡ, ಇಂಚೂ ಬೇಡ. ಜಾಗ ಹೇಳಲು ಎರಡು ಗುರುತು ಬೇಕು, ಎರಡೂ ಅಲುಗಾಡದ ಗುರುತಾಗಿರಬೇಕು. ಆ ದಿನ ಬರೆದದ್ದು ಹೀಗೆ:

"1. ಲ್ಯಾಸರೇಟೆಡ್ ವೂಂಡ್, 4.5 ಸೆ.ಮೀ. × 0.8 ಸೆ.ಮೀ. × ಎಲುಬಿನ ಆಳ. ತಲೆಯ ಎಡಭಾಗ, ನಡುಗೆರೆಯಿಂದ 5 ಸೆ.ಮೀ. ಎಡಕ್ಕೆ, ಎಡ ಕಿವಿಯ ಮೇಲಂಚಿನಿಂದ 7 ಸೆ.ಮೀ. ಮೇಲೆ, ಮುಂದಿನಿಂದ ಹಿಂದಕ್ಕೆ ಹಾಯ್ದಿದೆ. ಅಂಚು ತರಚಿ ಕಂದಿದೆ, ತಳದಲ್ಲಿ ಎಳೆಗಳಿವೆ, ಕೂದಲು ಜಜ್ಜಿದೆ. ಹಸಿ ರಕ್ತ ಜಿನುಗುತ್ತಿದೆ, ಹೆಕ್ಕಳೆ ಕಟ್ಟಿಲ್ಲ."

ಇದರಲ್ಲಿ "ದೊಣ್ಣೆ" ಎಂಬ ಮಾತಿಲ್ಲ, ಗಮನಿಸಿ. ಯಾರು, ಯಾವುದರಿಂದ ಹೊಡೆದರು ಎಂಬುದು ಗಾಯಾಳುವಿನ ಹೇಳಿಕೆಯ ಕಾಲಮ್ಮಿಗೆ ಹೋಗುತ್ತದೆ, "ಎಂದು ಹೇಳುತ್ತಾರೆ" ಎನ್ನುವ ಬಾಲದೊಂದಿಗೆ. ಅಲ್ಲಿ ಅವರು ಹೇಳಿದಂತೆ ಕತ್ತಿ ಎಂದೇ ಬರೆದೆ. ಗಾಯದ ಕಾಲಮ್ಮಿನಲ್ಲಿ ನಾನು ಕಂಡದ್ದು ಮಾತ್ರ.

ಎಡ ಮುಂಗೈಯ ಗಾಯ ಇನ್ನೂ ಚೆನ್ನಾಗಿ ಮಾತಾಡಿತು. ಕಿರುಬೆರಳಿನ ಬದಿಯಲ್ಲಿ, ಮಣಿಕಟ್ಟಿನಿಂದ 9 ಸೆ.ಮೀ. ಮೇಲೆ ಎರಡು ಕೆಂಪು ಗೆರೆ, ರೈಲು ಹಳಿಯ ಹಾಗೆ ಜೋಡಿಯಾಗಿ. ನಡುವೆ ಬಿಳಿಚಿದ ಚರ್ಮ. ಉದ್ದ 8 ಸೆ.ಮೀ., ಗೆರೆಗಳ ಒಳ ಅಂತರ 2.5 ಸೆ.ಮೀ. ಉರುಟಾದ ಕೋಲು ಬಿದ್ದಾಗ ನಡುವಿನ ರಕ್ತ ಎರಡೂ ಬದಿಗೆ ತಳ್ಳಲ್ಪಟ್ಟು ಅಲ್ಲಿನ ಸಣ್ಣ ನಾಳಗಳು ಒಡೆಯುತ್ತವೆ, ಅದಕ್ಕೇ ಈ ಜೋಡಿ ಗೆರೆ. ಒತ್ತಿದರೆ ತುಂಬಾ ನೋವು, ಊತ. ಎಕ್ಸ್-ರೇ ತೆಗೆಸಿದೆ. ಮುಂಗೈಯಲ್ಲಿ ಕಿರುಬೆರಳಿನ ಬದಿಗಿರುವ ಅಲ್ನಾ ಎಲುಬು ಮುರಿದಿತ್ತು. ತಲೆಗೆ ಬೀಳುವ ಏಟನ್ನು ಕೈಯೆತ್ತಿ ತಡೆದಾಗ ಮುರಿಯುವ ಎಲುಬು ಇದು.

ಆಮೇಲೆ ಬೆನ್ನು ನೋಡಿದೆ. ಟ್ಯೂಬ್‌ಲೈಟ್ ಮಂಕಾಗಿತ್ತು. ನಮ್ಮವರ ಕಪ್ಪು ಮೈಬಣ್ಣದಲ್ಲಿ ಕಂದಿದ ಗುರುತಿನ ಬಣ್ಣ ಮೊದಲೇ ಕಷ್ಟ. ಹಳದಿ ಬಲ್ಬಿನ ಕೆಳಗಂತೂ ಎಲ್ಲವೂ ಹಳೆಯ ಗಾಯದಂತೆ ಕಾಣುತ್ತದೆ. ಹಾಗಾಗಿ ಬಿಳಿ ಬೆಳಕಿನ ಟಾರ್ಚ್ ಹಿಡಿದು ನೋಡಿದೆ, ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಮತ್ತೊಮ್ಮೆ ನೋಡಿದೆ. ಬಲ ಭುಜದ ಹಲಗೆಯ ಕೆಳಗೆ 6 × 4 ಸೆ.ಮೀ. ಗುರುತು, ನಡುವೆ ಹಸಿರು, ಅಂಚಿಗೆ ಹಳದಿ.

ಕಂದಿದ ಗಾಯ ಮೊದಲು ಕೆಂಪು, ಆಮೇಲೆ ನೀಲಿ, ನಾಲ್ಕನೇ ದಿನದ ಹೊತ್ತಿಗೆ ನೀಲಿಗಪ್ಪು, ಐದಾರು ದಿನಕ್ಕೆ ಹಸಿರು, ವಾರ ಕಳೆದ ಮೇಲೆ ಹಳದಿ, ಎರಡು ವಾರದಲ್ಲಿ ಮಾಯ. ಪುಸ್ತಕದ ಲೆಕ್ಕ ಇದು. ವಯಸ್ಸು, ಪೆಟ್ಟಿನ ಆಳ, ಜಾಗ ನೋಡಿ ಹಿಂದುಮುಂದಾಗುತ್ತದೆ. ಆದರೆ ಹಳದಿ ಬಣ್ಣ 18 ಗಂಟೆಗೆ ಮೊದಲು ಬರುವುದಿಲ್ಲ ಎಂಬುದನ್ನು ನಂಬಬಹುದು. ಆದ್ದರಿಂದ ಆ ಗುರುತು ಎರಡು ಗಂಟೆ ಹಿಂದಿನದಾಗಿರಲು ಸಾಧ್ಯವೇ ಇರಲಿಲ್ಲ.

"ಅದೂ ಇವತ್ತಿಂದೇ ಅಂತ ಬರೀರಿ" ಅಂದರು ಮಗ. ಆಗುವುದಿಲ್ಲ ಎಂದೆ. ಒಂದು ಗಾಯದ ವಯಸ್ಸು ಸುಳ್ಳಾದರೆ ಉಳಿದ ಗಾಯಗಳನ್ನೂ ಯಾರೂ ನಂಬುವುದಿಲ್ಲ ಎಂದು ಕೂರಿಸಿ ಹೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಗಾಯಾಳುವೇ ಹೇಳಿದರು, ಹಿಂದಿನ ವಾರ ಕೊಟ್ಟಿಗೆಯ ಹತ್ತಿರ ಜಾರಿ ಬಿದ್ದಿದ್ದರಂತೆ. ಅದನ್ನೂ ಅವರ ಮಾತಲ್ಲೇ ದಾಖಲಿಸಿದೆ.

ಅಭಿಪ್ರಾಯದ ಕಾಲಮ್ಮನ್ನು ಆ ರಾತ್ರಿ ತುಂಬಲಿಲ್ಲ. "ತಲೆಯ ಸ್ಕ್ಯಾನ್ ವರದಿ ಬಂದ ನಂತರ" ಎಂದು ಬರೆದು ಕಾರವಾರಕ್ಕೆ ಕಳಿಸಿದೆ. ವರದಿಯಲ್ಲಿ ಬುರುಡೆ ಮುರಿದಿರಲಿಲ್ಲ. ಆದರೆ ಕೈಯ ಎಲುಬು ಮುರಿದಿತ್ತಲ್ವಾ, ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಲ್ಲಿ ಎಲುಬು ಮುರಿತವೇ ತೀವ್ರ ಗಾಯ. ಹಾಗಾಗಿ ಕೊನೆಗೆ ಬರೆದೆ: ಗಾಯ 1 ಸಾದಾ, ಗಾಯ 2 ತೀವ್ರ, ಎಕ್ಸ್-ರೇ ಪ್ಲೇಟ್ ನಂಬರ್ ಸಹಿತ. ಇವೆರಡೂ ಮೊಂಡಾದ ವಸ್ತುವಿನಿಂದ ಆಗಿರಬಹುದು, ಪರೀಕ್ಷೆಯ ಹೊತ್ತಿಗೆ 24 ಗಂಟೆಯೊಳಗಿನವು. ಗಾಯ 3 ಸಾದಾ, ಹಲವು ದಿನ ಹಳೆಯದು, ಹೇಳಿದ ಘಟನೆಯ ಸಮಯಕ್ಕೆ ಹೊಂದುವುದಿಲ್ಲ.

ಹೆಂಡತಿಗೆ ಬೇಸರವಾಗಿತ್ತು, ಕತ್ತಿ ಎಂದು ಬರೆಯಲಿಲ್ಲವಲ್ಲ ಎಂದು. ಮೂರು ವಾರದ ನಂತರ ಪೊಲೀಸರು ಸೀಲು ಹಾಕಿದ ಒಂದು ಕೋಲು ತಂದು, ಈ ಗಾಯಗಳು ಇದರಿಂದ ಆಗಬಹುದೇ ಎಂದು ಕೇಳಿದರು. ಅದರ ದಪ್ಪ ಅಳೆದೆ, ನಾನು ಬರೆದಿಟ್ಟಿದ್ದ ಮುಂಗೈಯ ಗೆರೆಗಳ ಅಂತರ ಮತ್ತೆ ನೋಡಿದೆ. ಎರಡೂ ಹೊಂದುತ್ತಿದ್ದವು. "ಆಗಬಹುದು" ಎಂದು ಬರೆದು ಸಹಿ ಹಾಕಿ, ಕೋಲನ್ನು ಮತ್ತೆ ಸೀಲು ಮಾಡಿ ಕೊಟ್ಟೆ.