ಚಿಹ್ನೆ ತಿರುಗಿಸಿದರೂ ಬದಲಾಗದ ಉತ್ತರ: ಬಾರ್ನ್ ಅಂದಾಜನ್ನು ನಾನು ಒರೆಗೆ ಹಚ್ಚಿದ ಬಗೆ

ನಾನು ಆರಿಸಿಕೊಂಡ ಲೆಕ್ಕ ತೀರಾ ಸರಳವಾದದ್ದು. a ತ್ರಿಜ್ಯದ ಒಂದು ಗೋಳ. ಅದರೊಳಗೆ ಪೊಟೆನ್ಶಿಯಲ್ −V0, ಹೊರಗೆ ಸೊನ್ನೆ. ಅದರ ಮೇಲೆ ಒಂದೇ ಶಕ್ತಿಯ ಕಣಗಳ ಧಾರೆ ಬಂದು ಬೀಳುತ್ತದೆ. ಯಾವ ಕೋನದಲ್ಲಿ ಎಷ್ಟು ಕಣಗಳು ಚದುರುತ್ತವೆ? ಈ ಲೆಕ್ಕಕ್ಕೆ ಕೆಲವು ಕಡೆ ನಿಖರವಾದ ಉತ್ತರವೂ ಸಿಗುತ್ತದೆ. ಹಾಗಾಗಿ ಅಂದಾಜು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ಕಣ್ಣಾರೆ ನೋಡಬಹುದು.

ಬಾರ್ನ್ ಅಂದಾಜಿನಲ್ಲಿ ಇರುವುದು ಒಂದೇ ಒಂದು ಧೈರ್ಯದ ಹೆಜ್ಜೆ: ಗೋಳದ ಒಳಗೂ ಅಲೆ ಹೊರಗಿನಂತೆಯೇ ಇದೆ, ಕದಡಿಲ್ಲ ಎಂದುಕೊಳ್ಳುವುದು. ಆಗ ಒಳಗಿನ ಪ್ರತಿ ಬಿಂದುವೂ ತನ್ನಲ್ಲಿರುವ V ಎಷ್ಟೋ ಅಷ್ಟು ಬಲದ ಪುಟ್ಟ ಅಲೆಯೊಂದನ್ನು ಹೊರಡಿಸುತ್ತದೆ. θ ದಿಕ್ಕಿಗೆ ಹೋಗುವ ಇಂಥ ಅಲೆಗಳನ್ನೆಲ್ಲ ಅವುಗಳ ಫೇಸ್ ನೋಡಿ ಕೂಡಿದರೆ ಆಂಪ್ಲಿಟ್ಯೂಡ್ f ಸಿಗುತ್ತದೆ. ಕಣದ ಅಲೆಸಂಖ್ಯೆ k ಆದರೆ, ಕೋನ ಮತ್ತು ಶಕ್ತಿ ಎರಡೂ q = 2k sin(θ/2) ಎಂಬ ಒಂದೇ ಸಂಖ್ಯೆಯೊಳಗೆ ಸೇರಿಕೊಳ್ಳುತ್ತವೆ. ಕಣದ ದ್ರವ್ಯರಾಶಿ m ಆಗಿರಲಿ; ನಮ್ಮ ಗೋಳಕ್ಕೆ x = qa, γ² = 2mV0a²/ħ² ಎಂದಿಟ್ಟುಕೊಂಡರೆ ಬರುವ ಉತ್ತರ ಇಷ್ಟೇ:

```
f = a γ² (sin x − x cos x)/x³
dσ/dΩ = |f|²
```

ಇದನ್ನು ಕಂಪ್ಯೂಟರಿಗೆ ಹಾಕಿದ ಮೊದಲ ದಿನ ka = 5 ಇಟ್ಟು ಗ್ರಾಫ್ ಎಳೆದೆ. θ = 0 ಕೊಟ್ಟಾಗ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಂತಾಗಿ nan ಬಂತು. ಅದನ್ನು ತಪ್ಪಿಸಲು θ ಜಾಗದಲ್ಲಿ 1e-9 ಇಟ್ಟೆ. ಈಗ nan ಹೋಯಿತು, ಆದರೆ ನೇರ ಮುಂದಿನ ದಿಕ್ಕಿನಲ್ಲಿ ಗ್ರಾಫ್ ಥಟ್ಟನೆ ಸೊನ್ನೆಗೆ ಬಿತ್ತು. ಭೌತಶಾಸ್ತ್ರದ ಪ್ರಕಾರ ಅಲ್ಲೇ ಅದು ಅತ್ಯಂತ ಎತ್ತರದಲ್ಲಿರಬೇಕು, ಯಾಕೆಂದರೆ x = 0 ಆದಾಗ ಎಲ್ಲ ಪುಟ್ಟ ಅಲೆಗಳೂ ಹೆಜ್ಜೆ ತಪ್ಪದೆ ಕೂಡಿಕೊಳ್ಳುತ್ತವೆ. ಕಾರಣ ಹುಡುಕಿದಾಗ ಗೊತ್ತಾಯಿತು: x ಅಷ್ಟು ಚಿಕ್ಕದಾದಾಗ ಕಂಪ್ಯೂಟರಿನಲ್ಲಿ sin x ಮತ್ತು x cos x ಎರಡೂ ಒಂದೇ ಸಂಖ್ಯೆಯಾಗಿಬಿಡುತ್ತವೆ, ಕಳೆದರೆ ಏನೂ ಉಳಿಯುವುದಿಲ್ಲ. x ಚಿಕ್ಕದಿರುವಲ್ಲಿ ಆ ಭಾಗಲಬ್ಧದ ಬದಲು 1/3 − x²/30 ಬಳಸಿದ ಮೇಲೆ ಸರಿಹೋಯಿತು. ಗ್ರಾಫ್ ಮುಂದಿನ ದಿಕ್ಕಿನಲ್ಲಿ ಎತ್ತರವಾಗಿ ನಿಂತು, x = 4.493 ಆಗುವಲ್ಲಿ, ಅಂದರೆ ಸುಮಾರು 53 ಡಿಗ್ರಿಯಲ್ಲಿ, ಸೊನ್ನೆ ಮುಟ್ಟಿತು. ಈ ಸೊನ್ನೆಯನ್ನೂ ಪೂರ್ತಿ ನಂಬಬಾರದು. ಅಂದಾಜಿನ ಮುಂದಿನ ಹಂತದಲ್ಲಿ f ಗೆ ಕಾಲ್ಪನಿಕ ಭಾಗವೊಂದು ಸೇರುತ್ತದೆ, ಗ್ರಾಫಿನ ಆ ತಗ್ಗು ಸ್ವಲ್ಪ ತುಂಬಿಕೊಳ್ಳುತ್ತದೆ.

ಇನ್ನು dσ/dΩ ಎಂದರೇನು? ಅದಕ್ಕೆ ವಿಸ್ತೀರ್ಣದ ಘಟಕ ಇರುವುದರಿಂದ ಗುರಿಯ ಒಂದು ತುಂಡು ಎಂದೇ ನಾನು ಬಹಳ ಕಾಲ ಕಲ್ಪಿಸಿಕೊಂಡಿದ್ದೆ. ಎಣಿಕೆಯ ಲೆಕ್ಕ ಮಾಡಿದ ಮೇಲೆಯೇ ಆ ಚಿತ್ರ ಬಿಟ್ಟುಹೋಯಿತು. ಗುರಿಯಿಂದ 1 ಮೀಟರ್ ದೂರದಲ್ಲಿ 1 ಸೆಂಟಿಮೀಟರ್ ಉದ್ದಗಲದ ಡಿಟೆಕ್ಟರ್ ಇಟ್ಟರೆ ಅದು ಆವರಿಸುವ ಘನಕೋನ 10⁻⁴ ಸ್ಟೆರೇಡಿಯನ್. ಪ್ರತಿ ಚದರ ಮೀಟರಿಗೆ ಸೆಕೆಂಡಿಗೆ 10¹² ಕಣಗಳು ಬರುತ್ತಿವೆ, ಧಾರೆಯ ಹಾದಿಯಲ್ಲಿ 10²⁰ ಗುರಿಕಣಗಳಿವೆ, ಆ ಕೋನದಲ್ಲಿ dσ/dΩ ಸ್ಟೆರೇಡಿಯನ್‌ಗೆ 10⁻²⁸ ಚದರ ಮೀಟರ್ ಎಂದುಕೊಳ್ಳಿ. ನಾಲ್ಕನ್ನೂ ಗುಣಿಸಿದರೆ ಸೆಕೆಂಡಿಗೆ ಒಂದು ಕಣ. ಗುರಿ ತೆಳುವಾಗಿದ್ದು, ಕಣ ಎರಡನೇ ಸಲ ಚದುರದಿದ್ದರೆ ಸಾಕು. ಬರುವ ಧಾರೆಯನ್ನು ಡಿಟೆಕ್ಟರಿನ ಎಣಿಕೆಗೆ ತಿರುಗಿಸುವ ಗುಣಕವೇ dσ/dΩ. ಮ್ಯಾಕ್ಸ್ ಬಾರ್ನ್ 1926ರಲ್ಲಿ ಅಲೆಗೆ ಸಂಭವನೀಯತೆಯ ಅರ್ಥ ಕೊಟ್ಟದ್ದೂ ಡಿಕ್ಕಿಗಳ ಕುರಿತ ಲೇಖನದಲ್ಲೇ. ವರ್ಗ ಮಾಡಬೇಕೆಂಬ ಮಾತು ಅದರ ಅಡಿಟಿಪ್ಪಣಿಯಲ್ಲಿ ಬಂತು. ಆ |f|² ಬರುವುದೂ ಅಲ್ಲಿಂದಲೇ.

ಮುಂದಿನ ದಿಕ್ಕಿನಲ್ಲಿ dσ/dΩ ಅತಿ ಹೆಚ್ಚಿದ್ದರೂ ಕಣಗಳು ಅಲ್ಲೇ ಅತಿ ಹೆಚ್ಚು ಎಂದೇನಲ್ಲ. θ ಸುತ್ತಲಿನ ಉಂಗುರದ ಘನಕೋನ 2π sin θ dθ; θ = 0 ಬಳಿ ಆ ಉಂಗುರವೇ ಇಲ್ಲದಂತಾಗುತ್ತದೆ. ಒಟ್ಟು σ ಕೂಡುವಾಗ ನಾನೊಮ್ಮೆ ಈ sin θ ಮರೆತಿದ್ದೆ. ಸಿಕ್ಕಿಬಿದ್ದದ್ದು ಕಡಿಮೆ ಶಕ್ತಿಯಲ್ಲಿ: ಅಲ್ಲಿ ಎಲ್ಲ ಕೋನಗಳಲ್ಲೂ f ಒಂದೇ, ಉತ್ತರ 4πf² ಆಗಲೇಬೇಕು. ನನಗೆ ಬಂದದ್ದು ಅದರ π/2 ಪಟ್ಟು.

ನನ್ನ ದೊಡ್ಡ ತಪ್ಪು ತಿಳಿವಳಿಕೆ ಇದ್ದದ್ದು ‘ದುರ್ಬಲ’ ಎಂಬ ಮಾತಿನಲ್ಲಿ. ಕಣದ ಶಕ್ತಿಗಿಂತ V0 ತೀರಾ ಕಡಿಮೆ ಇದ್ದರೆ ಮಾತ್ರ ದುರ್ಬಲ ಎಂದುಕೊಂಡಿದ್ದೆ. ಹಾಗಿದ್ದರೆ ಶಕ್ತಿ ಸೊನ್ನೆಯತ್ತ ಹೋದಾಗ ಅಂದಾಜು ಎಂದೂ ಸರಿಹೋಗಬಾರದು. ಆದರೆ ಸರಿಹೋಗುತ್ತದೆ. ಕಡಿಮೆ ಶಕ್ತಿಯಲ್ಲಿ V0 ಅನ್ನು ಹೋಲಿಸಬೇಕಾದದ್ದು ħ²/2ma² ಜೊತೆ. ಆ ಅನುಪಾತವೇ γ². ಗೋಳ ಎಷ್ಟು ಚಿಕ್ಕದೋ ಅಷ್ಟು ಆಳದ V0 ಅನ್ನೂ ಅಂದಾಜು ತಾಳಿಕೊಳ್ಳುತ್ತದೆ. ka ದೊಡ್ಡದಾದ ಕಡೆ γ²/ka ಚಿಕ್ಕದಿದ್ದರೆ ಸಾಕು.

ಇದನ್ನು ನೋಡಲು ಕಡಿಮೆ ಶಕ್ತಿಯಲ್ಲಿ γ² = 0.1 ಇಟ್ಟೆ. ಬಾರ್ನ್ ಪ್ರಕಾರ f = a/30, ಒಟ್ಟು σ ಗೋಳದ ಅಡ್ಡಕೊಯ್ತ πa² ದ 225ನೇ ಒಂದು ಭಾಗ. ಅಂದರೆ ಕಣ ಗೋಳವನ್ನು ಹೆಚ್ಚುಕಡಿಮೆ ಗಮನಿಸದೇ ದಾಟುತ್ತದೆ. ಈಗ ಚಿಹ್ನೆ ತಿರುಗಿಸಿ ಸೆಳೆಯುವ ಗುಂಡಿಯನ್ನು ತಳ್ಳುವ ದಿಬ್ಬ ಮಾಡಿದೆ. f ನ ಚಿಹ್ನೆ ಬದಲಾಯಿತು, ವರ್ಗ ಮಾತ್ರ ಹಾಗೇ ಇತ್ತು. ಶಕ್ತಿ ಸೊನ್ನೆಯತ್ತ ಹೋದಾಗ ನಿಖರವಾದ ಉತ್ತರ ಹೀಗಿದೆ:

```
ಗುಂಡಿ:  f = a (tan γ/γ − 1)
ದಿಬ್ಬ:   f = −a (1 − tanh γ/γ)
```

ಲೆಕ್ಕ ಹಾಕಿದರೆ ಗುಂಡಿಯ σ ಬಾರ್ನ್ ಉತ್ತರಕ್ಕಿಂತ ಶೇ. 8.5 ಹೆಚ್ಚು, ದಿಬ್ಬದ್ದು ಶೇ. 7.5 ಕಡಿಮೆ. ಗುಂಡಿ ಅಲೆಯನ್ನು ಒಳಗೆಳೆದು ಅಲ್ಲಿ ದಪ್ಪಗೊಳಿಸುತ್ತದೆ, ದಿಬ್ಬ ಹೊರದಬ್ಬಿ ತೆಳುಗೊಳಿಸುತ್ತದೆ. ಅಲೆ ಕದಡಿಲ್ಲ ಎಂದುಕೊಂಡಾಗ ನಾವು ಬಿಟ್ಟದ್ದು ಇದನ್ನೇ. γ² = 1 ಮಾಡಿದರೆ ಗುಂಡಿಯದು 2.8 ಪಟ್ಟಾಗುತ್ತದೆ, ದಿಬ್ಬದ್ದು ಅರ್ಧಕ್ಕಿಳಿಯುತ್ತದೆ. γ = π/2 ಬಳಿ ಗುಂಡಿಯ f ಮಿತಿಯಿಲ್ಲದೆ ಏರುತ್ತದೆ, ಏಕೆಂದರೆ ಅಲ್ಲಿಂದಾಚೆ ಗುಂಡಿಯೊಳಗೆ ಕಣ ಬಂಧಿಯಾಗಿ ಕೂರಬಲ್ಲದು. ಬಾರ್ನ್ ಸೂತ್ರಕ್ಕೆ ಇದರ ಸುಳಿವೇ ಇರುವುದಿಲ್ಲ. ಅಂದಿನಿಂದ ನಿಖರ ಉತ್ತರ ಸಿಗದ ಪೊಟೆನ್ಶಿಯಲ್‌ಗಳಲ್ಲಿ ಮೊದಲು ಬಾರ್ನ್‌ನ ಎರಡನೇ ಹಂತದ ಪದವನ್ನು ಲೆಕ್ಕ ಹಾಕುತ್ತೇನೆ. ಚಿಹ್ನೆ ತಿರುಗಿಸಿದಾಗ ಅದು σ ಅನ್ನು ಎಷ್ಟು ಮೇಲೆ ಕೆಳಗೆ ಆಡಿಸುತ್ತದೋ ಅಷ್ಟೇ ನನ್ನ ಅನುಮಾನದ ಅಳತೆ.

ಕೊನೆಗೆ ನಿಜವಾದ ಒಂದು ಜೋಡಿಗೆ ಬಂದೆ: ಸ್ಪಿನ್‌ಗಳು ಒಂದೇ ದಿಕ್ಕಿಗಿರುವ ನ್ಯೂಟ್ರಾನ್ ಮತ್ತು ಪ್ರೋಟಾನ್. ಪೊಟೆನ್ಶಿಯಲ್ ತುಂಬಾ ಗಿಡ್ಡ ವ್ಯಾಪ್ತಿಯದು. ಸುಮಾರು 2.1 ಫೆಮ್ಟೋಮೀಟರ್ ತ್ರಿಜ್ಯದ, 35 MeV ಆಳದ ಗುಂಡಿ ಎಂದು ಹಿಡಿದು, m ಜಾಗದಲ್ಲಿ ಜೋಡಿಯ ರೆಡ್ಯೂಸ್ಡ್ ಮಾಸ್, ಅಂದರೆ ಹೆಚ್ಚುಕಡಿಮೆ ಒಂದು ಕಣದ ದ್ರವ್ಯರಾಶಿಯ ಅರ್ಧ, ಇಟ್ಟರೆ γ² ಸುಮಾರು 3.7. ಬಾರ್ನ್ ಕೊಡುವ f ಸುಮಾರು +2.6 ಫೆಮ್ಟೋಮೀಟರ್. ಪ್ರಯೋಗದಲ್ಲಿ ಸಿಗುವುದು −5.4. ಗಾತ್ರ ಎರಡು ಪಟ್ಟು ತಪ್ಪು, ಚಿಹ್ನೆಯೂ ತಿರುಗುಮುರುಗು. ನಿಖರ ಸೂತ್ರಕ್ಕೆ ಅದೇ ಗುಂಡಿ ಹಾಕಿದಾಗ −5.0 ಬಂತು. ಅಲ್ಲಿ ಬಂಧಿಯಾಗಿ ಕೂತಿರುವ ಈ ಜೋಡಿಯೇ ಡ್ಯೂಟೆರಾನ್.