ಕಸ್ತೂರಿರಂಗನ್ ಸುದ್ದಿಯ ಕೆಳಗೆ ಕಾಮೆಂಟು: ಜಗಳ ಹೊತ್ತಿಸದೆ ಬರೆಯುವುದು ಹೇಗೆ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಯಾವುದೇ ಸುದ್ದಿ ಪುಟದಲ್ಲಿ, ಪಶ್ಚಿಮ ಘಟ್ಟದ ಸಂರಕ್ಷಣೆಯ ವರದಿಗೆ ಅಂಟಿಕೊಂಡ ‘ಕಸ್ತೂರಿರಂಗನ್’ ಎಂಬ ಹೆಸರು ಕಂಡರೆ ಸಾಕು, ಸಂಜೆಯೊಳಗೆ ಅದರ ಕೆಳಗೆ ಕಾಮೆಂಟುಗಳ ಸಾಲು ಹತ್ತಿರುತ್ತದೆ. ಅರ್ಧಕ್ಕರ್ಧ ಬೈಗುಳ. ಬೈದವರು, ಬೈಸಿಕೊಂಡವರು ಇಬ್ಬರೂ ನಾಳೆ ಅದೇ ಅಡಿಕೆ ಮಂಡಿಯಲ್ಲಿ, ಅದೇ ಸಹಕಾರ ಸಂಘದ ಜಗಲಿಯಲ್ಲಿ ಎದುರಾಗುವವರು. ಹಾಗಂತ ಸುಮ್ಮನಿರಬೇಕೆಂದಲ್ಲ. ತೋಟ, ಮನೆ, ಕ್ವಾರಿ, ಹೊಳೆ ಎಲ್ಲಕ್ಕೂ ಸಂಬಂಧಿಸಿದ ವಿಷಯ ಇದು, ಇಲ್ಲಿಯವರು ಮಾತಾಡಲೇಬೇಕು. ವಿಷಯ ಬಿಟ್ಟುಕೊಡದೆ ಜಗಳವನ್ನು ಮಾತ್ರ ತಪ್ಪಿಸುವ ದಾರಿ ಇಲ್ಲಿದೆ.

ಮೊದಲು ಇದು ಯಾವ ಸುದ್ದಿ ನೋಡಿ

ಶೀರ್ಷಿಕೆ ಓದಿ ಬರೆಯಬೇಡಿ, ಸುದ್ದಿ ತೆರೆದು ದಿನಾಂಕ ನೋಡಿ. ಬೇರೆ ಸುದ್ದಿಗಿಂತ ಇಲ್ಲಿ ಇದು ಹೆಚ್ಚು ಮುಖ್ಯ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಒಂದಲ್ಲ, ಆರು ಸಲ ಹೊರಟಿದೆ. ಮೊದಲನೆಯದು 2014ರ ಮಾರ್ಚ್‌ನಲ್ಲಿ, ಆರನೆಯದು 2024ರ ಜುಲೈ 31ರಂದು. ಪ್ರತಿ ಸಲವೂ ಶೀರ್ಷಿಕೆ ಹೆಚ್ಚುಕಮ್ಮಿ ಒಂದೇ ಥರ: ‘ಮಲೆನಾಡಿಗೆ ಮತ್ತೆ ತೂಗುಗತ್ತಿ’. ಹಾಗಾಗಿ ನಾಲ್ಕೈದು ವರ್ಷ ಹಳೆಯ ಸುದ್ದಿಯನ್ನು ಯಾರೋ ಮತ್ತೆ ಹಂಚಿದರೂ ಅದು ಇವತ್ತಿನದೇ ಎನಿಸುತ್ತದೆ.

ಎರಡನೆಯ ಗೊಂದಲ ವರದಿಗಳದು. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಕೊಟ್ಟ ವರದಿ ಇಡೀ ಘಟ್ಟವನ್ನು ಸೂಕ್ಷ್ಮ ಎಂದು ಕರೆದು ಮೂರು ದರ್ಜೆ ಮಾಡಿತ್ತು. 2013ರ ಕಸ್ತೂರಿರಂಗನ್ ವರದಿ ಅದನ್ನು ಇಳಿಸಿ, ಘಟ್ಟದ ಸುಮಾರು ಶೇ 37 ಭಾಗವನ್ನಷ್ಟೇ ಗುರುತಿಸಿತು. ಆ ವರದಿಯ ಮೇಲೆ ಬಂದ 2024ರ ಕರಡಿನಲ್ಲಿ ಆರು ರಾಜ್ಯಗಳ 56 ಸಾವಿರ ಚದರ ಕಿ.ಮೀ.ಗೂ ಹೆಚ್ಚು ಪ್ರದೇಶವಿದೆ, ಅದರಲ್ಲಿ ಕರ್ನಾಟಕದ್ದು 20,668. ಕಾಮೆಂಟಿನಲ್ಲಿ ಗಾಡ್ಗೀಳ್ ವರದಿಯ ಮಾತನ್ನು ಕಸ್ತೂರಿರಂಗನ್ ತಲೆಗೆ ಕಟ್ಟುವವರು ಬಹಳ. ಎದುರಿನವನಿಗೆ ಅಷ್ಟು ಸಿಕ್ಕರೆ ಸಾಕು, ನಿಮ್ಮ ನಿಜವಾದ ತಕರಾರೂ ಅದರ ಜೊತೆಗೇ ಕೊಚ್ಚಿಹೋಗುತ್ತದೆ.

ಕರಡು ಬೇರೆ, ಅಂತಿಮ ಅಧಿಸೂಚನೆ ಬೇರೆ ಎಂಬುದೂ ನೆನಪಿರಲಿ. ಕರಡಿಗೆ ಆಕ್ಷೇಪಣೆ ಸಲ್ಲಿಸಬಹುದು. ರಾಜ್ಯ ಸಚಿವ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿದೆ. ‘ಜಾರಿ ಆಯ್ತು, ಎಲ್ಲ ಮುಗೀತು’ ಎಂದು ಬರೆಯುವ ಮುನ್ನ ಸುದ್ದಿಯಲ್ಲಿ ಕರಡು ಎಂಬ ಪದ ಇದೆಯೇ ಹುಡುಕಿ.

ಒಂದು ಕಾಮೆಂಟನ್ನು ಬಿಚ್ಚಿ ನೋಡೋಣ

ಇಂಥ ಸುದ್ದಿಗಳ ಕೆಳಗೆ ದಿನವೂ ಕಾಣುವ ಧಾಟಿಯಲ್ಲಿ ಒಂದು ಮಾದರಿ ಹೆಣೆದಿದ್ದೇವೆ:

“ಎಸಿ ರೂಮಲ್ಲಿ ಕೂತ ಪರಿಸರವಾದಿಗಳಿಗೆ ನಮ್ಮ ಕಷ್ಟ ಏನು ಗೊತ್ತು? ನಮ್ಮನ್ನ ಒಕ್ಕಲೆಬ್ಬಿಸಿ ಹುಲಿ ಸಾಕ್ತಾರಂತೆ. ಇವರಿಗೆ ಓಟು ಹಾಕಿದವರೆಲ್ಲ ಈಗ ಅನುಭವಿಸಿ 😂”

ಬರೆದವರಿಗೆ ನಿಜವಾದ ಭಯವಿದೆ. ಆದರೆ ಮೂರೂ ವಾಕ್ಯಗಳು ಮೂರು ಬೇರೆ ಬೇರೆ ಜಗಳ ತೆಗೆಯುತ್ತವೆ. ಮೊದಲನೆಯದು ಒಂದು ಗುಂಪನ್ನು ಇಡಿಯಾಗಿ ಚುಚ್ಚುತ್ತದೆ. ಸ್ವಂತ ತೋಟವಿದ್ದು ಕಾಡಿನ ಪರ ಮಾತಾಡುವವರು ಸಾಗರ, ಹೊಸನಗರದಲ್ಲೇ ಇದ್ದಾರೆ, ಅವರು ಉತ್ತರಿಸದೆ ಬಿಡುವುದಿಲ್ಲ. ಮೂರನೆಯದು ಓಟು ಹಾಕಿದ ಅಕ್ಕಪಕ್ಕದ ಮನೆಯವರನ್ನೇ ಹಂಗಿಸುತ್ತದೆ. ಅಸಲಿಗೆ ಪಕ್ಷದ ವಾದ ಇಲ್ಲಿ ನಿಲ್ಲುವುದೂ ಇಲ್ಲ. ಮೊದಲ ಕರಡು ಬಂದಾಗ ಕೇಂದ್ರದಲ್ಲಿ ಯುಪಿಎ ಸರ್ಕಾರವಿತ್ತು, ಮುಂದಿನವು ಬಂದದ್ದು ಎನ್‌ಡಿಎ ಕಾಲದಲ್ಲಿ. ಇತ್ತ ರಾಜ್ಯದಲ್ಲಿ ಇದನ್ನು ಬೇಡವೆಂದ ಸರ್ಕಾರಗಳಲ್ಲಿ ಬಿಜೆಪಿಯದೂ ಇದೆ, ಕಾಂಗ್ರೆಸ್ಸಿನದೂ ಇದೆ. ಪಕ್ಷದ ಹೆಸರು ಎತ್ತಿದರೆ ಎರಡೂ ಕಡೆಯವರಿಗೆ ಹಳೆಯ ದಾಖಲೆ ತೋರಿಸಲು ಬೇಕಾದಷ್ಟು ಸಿಗುತ್ತದೆ.

ನಡುವಿನ ವಾಕ್ಯ ಮಾತ್ರ ಪರಿಶೀಲಿಸಬಹುದಾದದ್ದು. ಕರಡಿನಲ್ಲಿ ಜನರನ್ನು ಒಕ್ಕಲೆಬ್ಬಿಸುವ ಷರತ್ತು ಇಲ್ಲ. ಇರುವುದು ಇಷ್ಟು: ಗಣಿಗಾರಿಕೆ, ಕಲ್ಲು ಕ್ವಾರಿ, ಮರಳು ತೆಗೆಯುವುದು ನಿಷೇಧ. ಈಗಿರುವ ಗಣಿಗಳು ಅಂತಿಮ ಅಧಿಸೂಚನೆಯಿಂದ 5 ವರ್ಷದೊಳಗೆ ಅಥವಾ ಗುತ್ತಿಗೆ ಮುಗಿದಾಗ, ಯಾವುದು ಮೊದಲೋ ಆಗ ನಿಲ್ಲಬೇಕು. ಹೊಸ ಉಷ್ಣ ವಿದ್ಯುತ್ ಸ್ಥಾವರ ಇಲ್ಲ, ಹೆಚ್ಚು ಮಾಲಿನ್ಯ ಮಾಡುವ ‘ಕೆಂಪು ವರ್ಗ’ದ ಹೊಸ ಕೈಗಾರಿಕೆ ಇಲ್ಲ. 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಹೊಸ ಕಟ್ಟಡ ಯೋಜನೆ ಇಲ್ಲ. ಅಂದರೆ ಸುಮಾರು 2 ಲಕ್ಷ 15 ಸಾವಿರ ಚದರ ಅಡಿ, ನಮ್ಮ ಕಡೆಯ ಯಾವ ತೊಟ್ಟಿ ಮನೆಯೂ ಅದರ ಹತ್ತಿರ ಬರುವುದಿಲ್ಲ. ಇದ್ದ ಮನೆಯ ರಿಪೇರಿಗೆ ಅಡ್ಡಿಯಿಲ್ಲ.

ಇಷ್ಟು ಓದಿದ ಮೇಲೆ ಮಲೆನಾಡಿನವರಿಗೆ ನಿಜಕ್ಕೂ ತಟ್ಟುವುದು ಯಾವುದು? ಕಲ್ಲು ಮತ್ತು ಮರಳು. ಹಾಗಾದರೆ ಅದನ್ನೇ ಬರೆಯಿರಿ:

“ನಮ್ಮೂರು ಹೊಸನಗರ ತಾಲ್ಲೂಕು, 2024ರ ಕರಡಿನ ಪಟ್ಟಿಯಲ್ಲಿ ಹೆಸರಿದೆ. ಇದ್ದ ಮನೆ ರಿಪೇರಿಗೆ ತೊಂದರೆ ಇಲ್ಲ ಅಂತ ಅದರಲ್ಲಿದೆ, ಸರಿ. ಆದರೆ ಕ್ವಾರಿ, ಮರಳು ಪೂರ್ತಿ ಬಂದ್. ಇಲ್ಲಿ ಮನೆ ಕಟ್ಟೋದೇ ಜಂಬಿಟ್ಟಿಗೆ ಕಲ್ಲು, ಹೊಳೆ ಮರಳಲ್ಲಿ. ಅದು ನಿಂತರೆ ಎಲ್ಲಿಂದ ತರಬೇಕು? ಸ್ವಂತ ಮನೆಗೆ ತೆಗೆಯೋರಿಗೆ ವಿನಾಯಿತಿ ಬೇಕು ಅನ್ನೋದು ನನ್ನ ಅಭಿಪ್ರಾಯ.”

ವಿರೋಧ ಇಲ್ಲಿ ಕಡಿಮೆಯಾಗಿಲ್ಲ, ಮೊದಲಿನದಕ್ಕಿಂತ ಗಟ್ಟಿಯಾಗಿದೆ. ಎದುರಿನವರು ಇದಕ್ಕೆ ಉತ್ತರ ಕೊಡಬೇಕಾದರೆ ಕಲ್ಲಿನ ಬಗ್ಗೆಯೇ ಕೊಡಬೇಕು. ಒಂದೇ ವಿಷಯ, ಐದಾರು ಸಾಲು, ಯಾವುದು ಕರಡಿನಲ್ಲಿದೆ ಯಾವುದು ನಿಮ್ಮ ಅಭಿಪ್ರಾಯ ಎಂಬ ಗೆರೆ: ಇಷ್ಟಿದ್ದರೆ ಸಾಕು. ಗ್ರಾಮಗಳ ಹೆಸರು ಅಧಿಸೂಚನೆಯ ಅನುಬಂಧದಲ್ಲಿ ಜಿಲ್ಲೆ, ತಾಲ್ಲೂಕುವಾರು ಇದೆ. ನೋಡದೆ ‘ಪಟ್ಟಿಯಲ್ಲಿದೆ’ ಎನ್ನಬೇಡಿ.

ಕಳಿಸುವ ಮುನ್ನ ಹೊಡೆದು ಹಾಕುವುದು

ಕಾಮೆಂಟ್ ಪೆಟ್ಟಿಗೆಯಲ್ಲೇ ಟೈಪ್ ಮಾಡಬೇಡಿ, ಫೋನಿನ ನೋಟ್ಸ್‌ನಲ್ಲಿ ಬರೆದುಕೊಳ್ಳಿ. ಪೆಟ್ಟಿಗೆಯಲ್ಲಿ ಬರೆದದ್ದು ಸಿಟ್ಟಿನಲ್ಲಿ ಬೆರಳು ತಾಗಿದರೆ ಹೋಯಿತು.

ಆಮೇಲೆ ಅದರಲ್ಲಿ ಜನರನ್ನು ಕರೆಯುವ ಪದಗಳನ್ನಷ್ಟೇ ಹುಡುಕಿ. ‘ಪರಿಸರವಾದಿಗಳು’, ‘ಬೆಂಗಳೂರಿನವರು’, ‘ಒತ್ತುವರಿದಾರರು’, ‘ಘಟ್ಟದ ಕೆಳಗಿನವರು’, ಜಾತಿಯ ಹೆಸರು, ‘ನಿಮ್ಮಂಥವರು’. ಒಂದೊಂದನ್ನೂ ಅಳಿಸಿ ಓದಿ. ವಾಕ್ಯ ನಿಂತರೆ ಆ ಪದ ಬೇಕಿರಲಿಲ್ಲ. ವಾಕ್ಯವೇ ಬಿದ್ದುಹೋದರೆ ಅದರಲ್ಲಿ ಚುಚ್ಚುವುದು ಬಿಟ್ಟು ಬೇರೇನೂ ಇರಲಿಲ್ಲ.

ಸಂಬೋಧನೆ ಬಗ್ಗೆ ಎಚ್ಚರ. ಇಂಥ ಜಗಳದಲ್ಲಿ ಬಿಸಿ ಏರಿದೆ ಎಂಬುದಕ್ಕೆ ಮೊದಲ ಗುರುತು, ‘ನೀವು’ ಹೋಗಿ ‘ನೀನು’ ಬರುವುದು. ಎದುರಿನವರು ಇಳಿದರೂ ನೀವು ‘ನೀವು’ ಬಿಡಬೇಡಿ, ಮೂರನೆಯವರ ಕಣ್ಣಿಗೆ ಬೀಳುವುದು ಅದೇ. ‘ಸ್ವಾಮಿ’, ‘ಬುದ್ಧಿವಂತರೇ’ ಎಂಬ ವ್ಯಂಗ್ಯದ ಗೌರವ ಏಕವಚನಕ್ಕಿಂತ ಕೆಟ್ಟದ್ದು. ಮಾತಿನಲ್ಲಿ ಸಲುಗೆಯಾಗಿ ಬರುವ ‘ಮಾರಾಯ್ರೆ’ ಕೂಡ ಪರಿಚಯವಿಲ್ಲದವರಿಗೆ ಬರೆದಾಗ ಗೇಲಿಯಂತೆ ಓದಿಸಿಕೊಳ್ಳುತ್ತದೆ, ಯಾಕೆಂದರೆ ದನಿ ಅಲ್ಲಿಲ್ಲ. ನಗುವ ಇಮೋಜಿಯನ್ನಂತೂ ಮನೆ ಹೋಗುವ ಭಯದಲ್ಲಿರುವವರ ಮಾತಿಗೆ ಒತ್ತಲೇಬೇಡಿ.

ಸಾಧ್ಯವಾದರೆ ಕನ್ನಡ ಲಿಪಿಯಲ್ಲೇ ಬರೆಯಿರಿ. ಇಂಗ್ಲಿಷ್ ಅಕ್ಷರದ ಕನ್ನಡವನ್ನು ಅರ್ಧ ಓದಿ, ಉಳಿದರ್ಧ ಊಹಿಸಿಕೊಳ್ಳುವವರೇ ಹೆಚ್ಚು.

ಉತ್ತರ ಬಂದಾಗ

ಕೆಟ್ಟ ಕಾಮೆಂಟಿಗೆ ಸಿಟ್ಟಿನ ಉತ್ತರ ಕೊಟ್ಟರೆ ಅದಕ್ಕೆ ಹೊಡೆತ ಬೀಳುವುದಿಲ್ಲ, ಲಾಭವಾಗುತ್ತದೆ. ಫೇಸ್‌ಬುಕ್ ಪುಟಗಳಲ್ಲಿ ಕಾಮೆಂಟುಗಳು ಸಾಮಾನ್ಯವಾಗಿ Most relevant ಕ್ರಮದಲ್ಲಿ ತೆರೆದುಕೊಳ್ಳುತ್ತವೆ. ಉತ್ತರ, ಪ್ರತಿಕ್ರಿಯೆ ಹೆಚ್ಚು ಬಿದ್ದದ್ದು ಮೇಲಕ್ಕೆ ಬರುವ ಸಂಭವ ಹೆಚ್ಚು. ಬೈದವನಿಗೆ ಹತ್ತು ಜನ ಬುದ್ಧಿ ಹೇಳಲು ಹೋದರೆ ಅವನ ಮಾತೇ ಎಲ್ಲರಿಗೂ ಮೊದಲು ಕಾಣುತ್ತದೆ. ‘ಕ್ವಾರಿಯವರ ಏಜೆಂಟ್’ ಎಂದು ಯಾರಾದರೂ ಬರೆದರೆ ಬಿಡಿ. ಬೆದರಿಕೆ, ಜಾತಿ ನಿಂದನೆ ಇದ್ದರೆ ಉತ್ತರಿಸುವ ಬದಲು ರಿಪೋರ್ಟ್ ಮಾಡಿ, ಪುಟದ ನಿರ್ವಾಹಕರಿಗೆ ಸಂದೇಶ ಕಳಿಸಿ.

ಆದರೆ ಬಿಡಬಾರದ ಉತ್ತರವೂ ಒಂದು ಬರುತ್ತದೆ: “ಒಕ್ಕಲೆಬ್ಬಿಸಲ್ಲ ಅಂತೀರಿ, ನನಗೆ ಅರಣ್ಯ ಇಲಾಖೆ ನೋಟಿಸ್ ಬಂದಿದೆಯಲ್ಲ?” ಇವರನ್ನು ‘ತಪ್ಪು ಮಾಹಿತಿ’ ಎಂದು ಒಂದೇ ಏಟಿಗೆ ತಳ್ಳಿದರೆ ಅಲ್ಲಿಗೆ ಎಲ್ಲ ಕೆಡುತ್ತದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ಆಗ ಮುಳುಗಿದ ಊರುಗಳ ಎಷ್ಟೋ ಕುಟುಂಬಗಳು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ‘ಒಕ್ಕಲೆಬ್ಬಿಸು’ ಎಂಬ ಪದಕ್ಕೆ ಶರಾವತಿ ಕಡೆಯವರು ಉರಿದೇಳುವುದು ಕಾರಣವಿಲ್ಲದೆ ಅಲ್ಲ. ಅವರಿಗೆ ಬೇಕಾದದ್ದು ನೋಟಿಸ್ ಎಲ್ಲಿಂದ ಬಂತು ಎಂಬ ತಿಳಿವಳಿಕೆ:

“ನೋಟಿಸ್‌ನಲ್ಲಿ ಯಾವ ಕಾಯ್ದೆ, ಯಾವ ಸೆಕ್ಷನ್ ಅಂತ ಇದೆ ನೋಡ್ತೀರಾ? 64ಎ ಅಂತಿದ್ದರೆ ಅದು 1963ರ ಕರ್ನಾಟಕ ಅರಣ್ಯ ಕಾಯ್ದೆಯದು. ಈ ಕರಡು ರದ್ದಾದರೂ ಆ ನೋಟಿಸ್ ಹಾಗೇ ಇರುತ್ತೆ, ಅದಕ್ಕೆ ಬೇರೆ ಉತ್ತರ ಕೊಡಬೇಕು. ಫೋಟೊ ಇಲ್ಲಿ ಹಾಕಬೇಡಿ, ನಿಮ್ಮ ಹೆಸರು, ಸರ್ವೆ ನಂಬರ್ ಎಲ್ಲ ಕಾಣುತ್ತೆ.”

ಮಲೆನಾಡಿನ ಈ ಚರ್ಚೆಯಲ್ಲಿ ಅರ್ಧ ಜಗಳ ಹುಟ್ಟುವುದೇ ಎರಡು ಕಾಯ್ದೆಗಳನ್ನು ಒಂದೆಂದುಕೊಳ್ಳುವುದರಿಂದ. ಒಬ್ಬರು ಪರಿಸರ ಸೂಕ್ಷ್ಮ ಪ್ರದೇಶದ ಬಗ್ಗೆ ಹೇಳುತ್ತಿರುತ್ತಾರೆ, ಇನ್ನೊಬ್ಬರು ಅರಣ್ಯ ಒತ್ತುವರಿ ತೆರವಿನ ಬಗ್ಗೆ. ಇಬ್ಬರ ಮಾತೂ ಅವರವರ ಮಟ್ಟಿಗೆ ನಿಜ.

ಒಬ್ಬರಿಗೆ ಎರಡು ಉತ್ತರ ಸಾಕು. ಒಂದು ಸ್ಪಷ್ಟನೆಗೆ, ಇನ್ನೊಂದು ಅವರು ಹೊಸದೇನಾದರೂ ಕೇಳಿದರೆ. ಮೂರನೆಯದಕ್ಕೆ ಕೈ ಹೋದಾಗ ಸಾಮಾನ್ಯವಾಗಿ ವಿಷಯ ಮುಗಿದು ಹಠ ಉಳಿದಿರುತ್ತದೆ.

ತಪ್ಪಿದ್ದರೆ ತಿದ್ದುವ ರೀತಿ

ಅಂಕಿ ತಪ್ಪಿದ್ದು ತಿಳಿದರೆ ಕಾಮೆಂಟು ಅಳಿಸಬೇಡಿ. ಫೇಸ್‌ಬುಕ್‌ನಲ್ಲಿ ಅದರೊಂದಿಗೆ ಕೆಳಗಿನ ಉತ್ತರಗಳೂ ಹೋಗುತ್ತವೆ, ಅಷ್ಟರಲ್ಲಿ ಯಾರೋ ಸ್ಕ್ರೀನ್‌ಶಾಟ್ ತೆಗೆದು ‘ಓಡಿಹೋದ’ ಎಂದು ಹಂಚಿರುತ್ತಾರೆ. ಸದ್ದಿಲ್ಲದೆ ತಿದ್ದುವುದೂ ಬೇಡ, ಅಲ್ಲಿ ತಿದ್ದುವ ಮುಂಚಿನ ರೂಪವನ್ನೂ ತೆರೆದು ನೋಡಬಹುದು. ಕೊನೆಯಲ್ಲಿ ‘ತಿದ್ದುಪಡಿ: ಇಷ್ಟು ಅಂದಿದ್ದೆ, ಕರಡಿನಲ್ಲಿ ಇಷ್ಟಿದೆ’ ಎಂದು ಒಂದು ಸಾಲು ಸೇರಿಸಿ.

ಕಾನೂನಿನ ಗೆರೆಯೂ ತಿಳಿದಿರಲಿ. ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ, ಸರ್ಕಾರವನ್ನು ಕಟುವಾಗಿ ಟೀಕಿಸಿದ ಮಾತ್ರಕ್ಕೆ ಅಪರಾಧವಾಗುವುದಿಲ್ಲ. ಆದರೆ ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್ ಗುಂಪುಗಳ ನಡುವೆ ದ್ವೇಷ ಬಿತ್ತುವುದನ್ನು ಅಪರಾಧವೆನ್ನುತ್ತದೆ. ಅಲ್ಲಿ ಧರ್ಮ, ಜಾತಿಯ ಜೊತೆಗೆ ಹುಟ್ಟಿದ ಊರು, ವಾಸದ ಜಾಗವೂ ಇದೆ, ಫೋನಿನಲ್ಲಿ ಬರೆದದ್ದಕ್ಕೂ ಅನ್ವಯಿಸುತ್ತದೆ.

ಇನ್ನೊಂದು ಮಾತು. ಸುದ್ದಿಯ ಕೆಳಗೆ ಸಾವಿರ ಕಾಮೆಂಟು ಬಿದ್ದರೂ ಕೇಂದ್ರ ಪರಿಸರ ಸಚಿವಾಲಯದ ಕಡತಕ್ಕೆ ಅವು ಆಕ್ಷೇಪಣೆಯಾಗಿ ಸೇರುವುದಿಲ್ಲ. ಕರಡು ಪ್ರಕಟವಾದ ಮೇಲೆ 60 ದಿನದೊಳಗೆ ಲಿಖಿತವಾಗಿ ಕಳಿಸಿದ್ದಷ್ಟೇ ಲೆಕ್ಕಕ್ಕೆ. 2024ರ ಕರಡಿನ ಗಡುವು ಮುಗಿದಿದೆ. ಮುಂದೆ ಇನ್ನೊಂದು ಹೊರಟರೆ ವಿಳಾಸ, ಇಮೇಲ್ ಅದರಲ್ಲೇ ಇರುತ್ತದೆ. ಜಂಬಿಟ್ಟಿಗೆ ಕಲ್ಲಿನ ಬಗ್ಗೆ ಬರೆದ ಆ ಐದು ಸಾಲಿಗೆ ಊರಿನ ಹೆಸರು, ಗ್ರಾಮ ಪಂಚಾಯಿತಿ, ಸಹಿ ಸೇರಿಸಿ ಅಲ್ಲಿಗೆ ಕಳಿಸಬಹುದು.