ಒಂದೋ ಏಳೋ, ಸೊನ್ನೆಯೋ ಆರೋ: ವೋಚರ್‌ನ ತಪ್ಪು ಅಂಕಿ ಹಿಡಿಯುವುದು ಹೇಗೆ?

ಎಪಿಎಂಸಿ ಯಾರ್ಡಿನ ಒಂದು ಮಂಡಿ ಎಂದುಕೊಳ್ಳಿ. ಸಂಜೆ ಕ್ಯಾಶ್ ಬುಕ್ ಕೂಡಿದರೆ 20,285 ರೂಪಾಯಿ ಇರಬೇಕು, ಪೆಟ್ಟಿಗೆಯಲ್ಲಿ ಎಣಿಸಿದರೆ 19,685. ಕಡಿಮೆ ಬಿದ್ದದ್ದು 600. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಎಲ್ಲ ವೋಚರ್‌ಗಳನ್ನೂ ಮೊದಲಿಂದ ತಿರುವಿಹಾಕುತ್ತಾರೆ. ಅದಕ್ಕೆ ಮೊದಲು ವ್ಯತ್ಯಾಸವನ್ನೇ ಒಮ್ಮೆ ನೋಡಿ.

7ರಲ್ಲಿ 1 ಕಳೆದರೆ 6. 6ರಲ್ಲಿ 0 ಕಳೆದರೂ 6. ಹಾಗಾಗಿ ಈ ಎರಡು ಜೋಡಿಗಳಲ್ಲಿ ಯಾವುದು ಅದಲುಬದಲಾದರೂ ವ್ಯತ್ಯಾಸ 6, 60, 600 ಅಥವಾ 6,000 ಆಗಿರುತ್ತದೆ. 600 ಬಂದಿದೆ ಎಂದರೆ ಅನುಮಾನ ನೂರರ ಸ್ಥಾನದ ಮೇಲೆ. (3 ಮತ್ತು 8, 4 ಮತ್ತು 9 ಬೆರೆತರೆ 5, 50, 500 ಬರುತ್ತದೆ. ವ್ಯತ್ಯಾಸ 9ರಿಂದ ಭಾಗವಾದರೆ 45 ಎಂಬುದನ್ನು 54 ಎಂದು ಬರೆದಂತೆ ಅಂಕಿಗಳು ಹಿಂದುಮುಂದಾಗಿರಬಹುದು.)

ಆದರೆ 600 ರೂಪಾಯಿಯ ಒಂದು ವೋಚರೇ ಬಿಟ್ಟುಹೋಗಿರಬಹುದು, ಇಲ್ಲವೇ 300ರ ಖರ್ಚನ್ನು ಜಮಾ ಕಡೆ ಬರೆದಿರಬಹುದು. ಇವೆರಡನ್ನು ಮೊದಲು ನೋಡಿಬಿಡಿ, ಎರಡು ನಿಮಿಷದ ಕೆಲಸ.

ಮುಂದಿನದು ದಿಕ್ಕು. ನಗದು ಕಡಿಮೆ ಬಿದ್ದರೆ ಖರ್ಚನ್ನು ಕಡಿಮೆ ಬರೆದಿದ್ದೇವೆ, ಅಥವಾ ಜಮೆಯನ್ನು ಹೆಚ್ಚು ಬರೆದಿದ್ದೇವೆ. ಆದ್ದರಿಂದ ಖರ್ಚಿನ ಕಡೆ ನೂರರ ಸ್ಥಾನದಲ್ಲಿ 1 ಅಥವಾ 0 ಇರುವ ನಮೂದುಗಳನ್ನು, ಜಮಾ ಕಡೆ 7 ಅಥವಾ 6 ಇರುವುದನ್ನು ಮಾತ್ರ ಹುಡುಕಿದರೆ ಸಾಕು. ನಮ್ಮ ಮಂಡಿಯಲ್ಲಿ ಹಾಗೆ ಸಿಕ್ಕಿದ್ದು ಎರಡೇ: ಲಾರಿ ಬಾಡಿಗೆ 3,140, ಹಮಾಲಿ 1,050.

ಈಗ ಆ ಎರಡು ಚೀಟಿ ಹೊರತೆಗೆಯಿರಿ. ಅಕ್ಷರದಲ್ಲಿ ಬರೆದ ಮೊತ್ತ ಓದಿ. ಲಾರಿಯದರಲ್ಲಿ ‘ಮೂರು ಸಾವಿರದ ನೂರ ನಲವತ್ತು’ ಎಂದಿದೆ, ಅದು ಸರಿ. ಹಮಾಲಿ ಚೀಟಿಯಲ್ಲಿ ಅಕ್ಷರವೇ ಇಲ್ಲ, ಆದರೆ 110 ಚೀಲ, ಚೀಲಕ್ಕೆ 15 ರೂಪಾಯಿ ಎಂದಿದೆ. ಗುಣಿಸಿದರೆ 1,650. ಕಾರ್ಬನ್ ಪ್ರತಿಯಲ್ಲಿ 6ರ ಮೇಲಿನ ಗೀರು ಮೂಡದೆ ಸೊನ್ನೆಯಂತೆ ಕಂಡಿತ್ತು.

ಗುಣಿಸಿ ನೋಡಲು ದರವೂ ಇಲ್ಲದಿದ್ದರೆ, ಅದೇ ಕೈ ಬರೆದ ತಾರೀಖು ನೋಡಿ. 2026ರ ವೋಚರಾದರೆ ಆತನ 0 ಮತ್ತು 6 ಎರಡೂ ಅಲ್ಲೇ ಸಿಗುತ್ತವೆ. 1 ಮತ್ತು 7ಕ್ಕೆ ಫೋನ್ ನಂಬರು, ಗಾಡಿ ನಂಬರು ಇದ್ದರೆ ಅನುಕೂಲ. ಕೆಲವರು 1ಕ್ಕೆ ತಲೆಯ ಮೇಲೆ ಉದ್ದ ಕೊಕ್ಕೆ ಎಳೆಯುತ್ತಾರೆ, ನಿಜವಾದ ಗೊಂದಲ ಅಲ್ಲೇ. ಹಳಬರ ಚೀಟಿಯಲ್ಲಿ ಕನ್ನಡದ ೧ ಬಾಯಿ ಮುಚ್ಚಿಕೊಂಡು ಸೊನ್ನೆಯಾಗುವುದೂ ಉಂಟು.

ತಪ್ಪು ಸಿಕ್ಕ ಮೇಲೆ ಅಂಕಿಯ ಮೇಲೆಯೇ ತಿದ್ದಬೇಡಿ. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿ ಮೊತ್ತ ಬರೆದು ಸಹಿ ಹಾಕಿ. ಇನ್ನು ಮುಂದೆ 7ರ ನಡುವೆ ಅಡ್ಡಗೆರೆ ಹಾಕಿ, 1 ಅನ್ನು ಬರೀ ನೆಟ್ಟಗೆರೆಯಾಗಿ ಬರೆಯಲು ಚೀಟಿ ಬರೆಯುವವರಿಗೆ ಹೇಳಿಬಿಡಿ.

ಉದ್ದರಿ ಬಿಲ್ಲುಗಳಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ತಪ್ಪಾಗಿ ಓದಿದ ಮೊತ್ತವೇ ಡೆಬಿಟ್‌ಗೂ ಕ್ರೆಡಿಟ್‌ಗೂ ಹೋಗುವುದರಿಂದ ಟ್ರಯಲ್ ಬ್ಯಾಲೆನ್ಸ್ ಚೆನ್ನಾಗಿಯೇ ತಾಳೆಯಾಗುತ್ತದೆ. ಅದನ್ನು ಹಿಡಿಯಲು ಮಾಲು ಕೊಟ್ಟವರಿಂದ ತಿಂಗಳ ಲೆಕ್ಕದ ಪ್ರತಿ ತರಿಸಿ, ಬಿಲ್ ಬಿಲ್ಲಿಗೂ ಹೋಲಿಸಲೇಬೇಕು.